ಚಿತ್ರ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದಾಗ ಬರೆಯುವ ‘ಆಲ್ಟ್ ಟೆಕ್ಸ್ಟ್’

ಕಾಸರಗೋಡಿನ ಕುಂಬಳೆ ಹತ್ತಿರದ ನಮ್ಮೂರಿನ ವಾಚನಾಲಯದಲ್ಲಿ ಹಳೆಯ ಫೋಟೋಗಳ ಒಂದು ಪೆಟ್ಟಿಗೆ ಇತ್ತು. ಅವನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ಆಲ್ಟ್ ಟೆಕ್ಸ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೇಳುವಾಗ ಸುಲಭ ಅನಿಸಿತು. ಕೂತು ಬರೆಯುವಾಗ ಕೈ ನಿಂತಿತು. ಈ ಫೋಟೋ ನಾಳೆ ಯಾರಿಗೆ ಬೇಕಾಗುತ್ತದೆ? ಸ್ಮರಣ ಸಂಚಿಕೆಗೋ, ಯಕ್ಷಗಾನ ಮೇಳದ ವೆಬ್‌ಸೈಟಿಗೋ, ಸೊಲ್ಲಾಪುರದಲ್ಲಿ ಕೂತು ಯಕ್ಷಗಾನದ ಬಗ್ಗೆ ಓದುತ್ತಿರುವ ಹುಡುಗಿಗೋ? ನನಗೆ ಗೊತ್ತಿಲ್ಲ.

ಮೊದಲು ಪದದ ಅರ್ಥ ನೋಡೋಣ. ಆಲ್ಟ್ ಟೆಕ್ಸ್ಟ್ ಅಂದರೆ ಚಿತ್ರದ ಬದಲಿಗೆ ನಿಲ್ಲುವ ಮಾತು. ಕನ್ನಡದಲ್ಲಿ ಪರ್ಯಾಯ ಪಠ್ಯ ಅನ್ನುತ್ತಾರೆ. ವೆಬ್ ಪುಟದ ಕೋಡಿನಲ್ಲಿ ಚಿತ್ರದ ಜೊತೆಗೇ ಇದು ಇರುತ್ತದೆ. ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಕಣ್ಣು ಕಾಣದವರು ಎನ್‌ವಿಡಿಎ, ಟಾಕ್‌ಬ್ಯಾಕ್‌ನಂತಹ ಸ್ಕ್ರೀನ್ ರೀಡರ್ ಬಳಸಿ ಪುಟ ಕೇಳುವಾಗ, ಚಿತ್ರ ಇರುವ ಜಾಗದಲ್ಲಿ ಈ ಮಾತು ಕೇಳಿಸುತ್ತದೆ. ನೆಟ್‌ವರ್ಕ್ ಇಲ್ಲದೆ ಚಿತ್ರ ಲೋಡ್ ಆಗದಿದ್ದರೂ ಆ ಜಾಗದಲ್ಲಿ ಇದೇ ಕಾಣುತ್ತದೆ. ಕೋಡಿನಲ್ಲಿ ಈ ಮಾತಿಗೆ ಜಾಗವನ್ನೇ ಇಡದಿದ್ದರೆ ಕೆಲವು ಸಲ ಫೈಲಿನ ಹೆಸರನ್ನೇ ಸ್ಕ್ರೀನ್ ರೀಡರ್ ಓದಿಬಿಡುತ್ತದೆ. ಸ್ಕ್ಯಾನರ್ ಕೊಟ್ಟ ಅಕ್ಷರ, ಅಂಕಿಗಳ ಉದ್ದನೆಯ ಸಾಲನ್ನು ಕೇಳಿ ಯಾರಿಗೆ ಏನು ಸಿಕ್ಕೀತು?

‘ಬದಲಿಗೆ ನಿಲ್ಲುವ’ ಅನ್ನುವಲ್ಲೇ ಕಷ್ಟ ಇರುವುದು. ಚಿತ್ರ ಒಂದೇ ಆದರೂ ಒಂದೊಂದು ಪುಟದಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಒತ್ತಿದರೆ ಮೇಳದ ಪುಟ ತೆರೆಯುವ ಬಟನ್ ಆಗಿ ಚಿತ್ರ ಇದ್ದರೆ, ಒತ್ತಿದಾಗ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಆಲ್ಟ್ ಟೆಕ್ಸ್ಟ್ ಹೇಳಬೇಕು. ಸುಮ್ನೆ ಪುಟದ ಅಂದಕ್ಕೆ ಹಾಕಿದ್ದರೆ ಆಲ್ಟ್ ಟೆಕ್ಸ್ಟಿನ ಜಾಗ ಇಟ್ಟು ಅದನ್ನು ಖಾಲಿ ಬಿಡಬೇಕು, ಆಗ ಸ್ಕ್ರೀನ್ ರೀಡರ್ ಚಿತ್ರವನ್ನು ದಾಟಿ ಮುಂದೆ ಹೋಗುತ್ತದೆ. ಲೇಖನದ ನಡುವೆ ಇದ್ದರೆ ಆ ಲೇಖನಕ್ಕೆ ಬೇಕಾದ ಸಂಗತಿ ಬರೆಯಬೇಕು. ಇದನ್ನೆಲ್ಲ ಪುಟ ನೋಡಿಯೇ ತೀರ್ಮಾನಿಸಬೇಕು. ಪುಟವೇ ಇಲ್ಲದಿದ್ದರೆ? ಆಗ ಬರೆಯುವುದು ಪೂರ್ತಿ ಆಲ್ಟ್ ಟೆಕ್ಸ್ಟ್ ಅಲ್ಲ, ಅದರ ಕಚ್ಚಾ ರೂಪ. ಮುಂದೆ ಬಳಸುವವರು ತಿದ್ದಿಕೊಳ್ಳಲಿ, ತಿದ್ದದಿದ್ದರೂ ಕೇಳುವವರಿಗೆ ಮೋಸ ಆಗದಿರಲಿ ಎಂದು ಬರೆಯುವಂಥದ್ದು.

ಅದು ಹೇಗಿರಬೇಕು ಎಂಬುದು ನನಗೆ ಒಂದೇ ಒಂದು ಫೋಟೋದಿಂದ ಗೊತ್ತಾಯಿತು. ಯಕ್ಷಗಾನದ ಚೌಕಿಯ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದ ಫೋಟೋ ಅದು. ನೆಲದ ಮೇಲೆ ಒಬ್ಬರು ವೇಷಧಾರಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಒಂದು ಕೈಯಲ್ಲಿ ಸಣ್ಣ ಕನ್ನಡಿ, ಇನ್ನೊಂದರಲ್ಲಿ ಕಡ್ಡಿ. ಮುಖಕ್ಕೆ ಚುಟ್ಟಿ, ಅಂದರೆ ಹಿಟ್ಟಿನ ಬಿಳಿ ಚುಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದಾರೆ. ಹಿಂದೆ ಹಗ್ಗದ ಮೇಲೆ ವೇಷದ ಬಟ್ಟೆಗಳು ತೂಗುತ್ತಿವೆ. ಫೋಟೋದ ಹಿಂಬದಿಯಲ್ಲಿ ಹೆಸರಿಲ್ಲ, ಇಸವಿಯಿಲ್ಲ.

ನಾನು ಮೊದಲು ಬರೆದದ್ದು ‘ಯಕ್ಷಗಾನ ಕಲಾವಿದ’ ಎಂದು. ಸುಳ್ಳಲ್ಲ. ಆದರೆ ನಮ್ಮ ಪೆಟ್ಟಿಗೆಯ ಅರ್ಧದಷ್ಟು ಫೋಟೋಗಳಿಗೆ ಇದೇ ಮಾತು ಹೊಂದುತ್ತದೆ. ಆಮೇಲೆ ಅದನ್ನು ಅಳಿಸಿ ‘ರಂಗವೇರುವ ತವಕದಲ್ಲಿ ತಲ್ಲೀನರಾಗಿರುವ ಹಿರಿಯ ಕಲಾವಿದರು’ ಎಂದು ಬರೆದೆ. ಓದಲು ಚೆಂದ ಇತ್ತು. ಅದನ್ನು ನಮ್ಮ ಮಾಷ್ಟ್ರಿಗೆ ಕೇಳಿಸಿದೆ. ಅವರು ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತಿಯ ನಂತರ ಕಣ್ಣು ಪೂರ್ತಿ ಹೋಗಿದೆ, ಈಗ ದಿನವಿಡೀ ಮೊಬೈಲಿನಲ್ಲಿ ಕೇಳುತ್ತಾರೆ.

“ತವಕ ನಿನಗೆ ಎಲ್ಲಿ ಕಂಡಿತು?” ಎಂದು ಕೇಳಿದರು.

“ಮುಖದಲ್ಲಿ, ಮಾಷ್ಟ್ರೇ.”

“ಮುಖಕ್ಕೆ ಬಣ್ಣ ಹಚ್ಚಿ ಆಗಿದೆ ಅಂತೀಯಲ್ಲ. ಅದರೊಳಗೆ ತವಕ ಉಂಟೋ ನಿದ್ದೆ ಉಂಟೋ ಹೇಗೆ ಗೊತ್ತಾಯ್ತು? ಅದು ಬಿಡು. ಚುಟ್ಟಿ ಎಷ್ಟಾಗಿದೆ, ಅದನ್ನು ಹೇಳು.”

ಫೋಟೋವನ್ನು ಹಿಗ್ಗಿಸಿ ನೋಡಿದೆ. ಒಂದು ಕೆನ್ನೆಯ ತುಂಬ ಬಿಳಿ ಚುಟ್ಟಿಯ ಸಾಲು. ಇನ್ನೊಂದು ಕೆನ್ನೆಗೆ ಬರೀ ಬಣ್ಣ. ಅರ್ಧ ಆದ ಮುಖ! ಇಡೀ ಫೋಟೋದಲ್ಲಿ ಮುಖ್ಯವಾದದ್ದೇ ಅದು. ನಾನು ಅದನ್ನು ನೋಡಿದ್ದೆ, ಆದರೆ ಬರೆದಿರಲಿಲ್ಲ. ಮಾಷ್ಟ್ರಿಗೆ ಅದು ಸಾಕಾಯಿತು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಹೀಗೆ ಚುಟ್ಟಿ ಇಡುವುದು ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧ ಮುಖ ಅಂದ ಕೂಡಲೇ ಆ ಚೌಕಿಯಲ್ಲಿ ಎಷ್ಟು ಹೊತ್ತಾಗಿರಬಹುದು ಎಂದು ಅವರೇ ಲೆಕ್ಕ ಹಾಕಿಕೊಂಡರು.

“ಹಾಗಾದರೆ ಮಹಿಷಾಸುರ ಅಂತ ಬರೆಯಲಾ?” ಎಂದೆ.

“ಕಿರೀಟ ಉಂಟಾ? ಕೊಂಬು ಉಂಟಾ?”

ಎರಡೂ ಇರಲಿಲ್ಲ. ರಾವಣನೂ ಆಗಬಹುದು, ಇನ್ಯಾರೋ ರಾಕ್ಷಸನೂ ಆಗಬಹುದು. ಪಾತ್ರದ ಹೆಸರು ಬರೆಯಲಿಲ್ಲ.

ಈ ಕೆಲಸದಲ್ಲಿ ನಾನು ಈಗಲೂ ಹಿಡಿದುಕೊಂಡಿರುವ ದಾರಿ ಅದೇ. ಮನಸ್ಸಿಗೆ ಬರುವ ಪ್ರತಿ ಮಾತನ್ನೂ ‘ಇದು ಎಲ್ಲಿಂದ ಬಂತು’ ಎಂದು ಕೇಳುತ್ತೇನೆ. ಕನ್ನಡಿ, ಅರ್ಧ ಮುಖದ ಚುಟ್ಟಿ, ಹಗ್ಗದ ಮೇಲಿನ ಬಟ್ಟೆ ಕಣ್ಣಿಗೆ ಕಂಡದ್ದು. ಇವನ್ನು ಧೈರ್ಯವಾಗಿ ಬರೆಯಬಹುದು. ಇದು ಚೌಕಿ, ಇದು ಬಣ್ಣದ ವೇಷ ಎಂಬುದು ಕಂಡದ್ದರ ಜೊತೆಗೆ ತಿಳಿವಳಿಕೆ ಸೇರಿ ಬಂದದ್ದು. ಗೊತ್ತಿರುವವರಿಗೆ ತೋರಿಸಿ ಖಚಿತ ಮಾಡಿಕೊಂಡರೆ ಬರೆಯಬಹುದು. ತವಕ, ಹಿರಿಯ, ಮಹಿಷಾಸುರ ಇವೆಲ್ಲ ನನ್ನ ಊಹೆ. ಬಣ್ಣದ ಒಳಗಿನ ವಯಸ್ಸು ನನಗೆ ಎಲ್ಲಿ ಕಾಣುತ್ತದೆ? ಪುಟ ಗೊತ್ತಿದ್ದರೆ ಪಕ್ಕದ ಬರಹವೇ ಊಹೆಯನ್ನು ಸರಿಯೆಂದೋ ತಪ್ಪೆಂದೋ ತೋರಿಸುತ್ತಿತ್ತು. ಪುಟ ಇಲ್ಲದಾಗ ತಿದ್ದುವವರಿಲ್ಲ. ನಾನು ‘ಮಹಿಷಾಸುರ’ ಅಂದರೆ ಅದು ಫೋಟೋದ ಜೊತೆ ಊರೂರು ಸುತ್ತಿ, ಕೊನೆಗೆ ನಿಜವೇ ಆಗಿಬಿಡುತ್ತದೆ. ಫೋಟೋದಲ್ಲಿರುವವರ ಜಾತಿ, ಧರ್ಮ, ಕಾಯಿಲೆ, ಸಂಬಂಧಗಳ ಬಗ್ಗೆ ಊಹೆ ಮಾಡಿದರಂತೂ ಕೇಡು ಇನ್ನೂ ಜಾಸ್ತಿ.

ಎಡಗೆನ್ನೆ, ಬಲಗೆನ್ನೆ ಎಂದೂ ಬರೆಯಲಿಲ್ಲ. ನೋಡುವವರ ಎಡವೋ ಕೂತವರ ಎಡವೋ ಎಂಬ ಗೊಂದಲ ಒಂದು. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ ಹಳೆಯ ಫೋಟೋಗಳಲ್ಲಿ ಎಡಬಲವೇ ಅದಲುಬದಲಾಗಿರುತ್ತದೆ ಎಂಬುದು ಇನ್ನೊಂದು. ‘ಒಂದು ಕೆನ್ನೆ, ಇನ್ನೊಂದು ಕೆನ್ನೆ’ ಅಂದರೆ ಸಾಕು.

ಮತ್ತೆ ಪದಗಳ ವಿಚಾರ. ಚೌಕಿ, ಚುಟ್ಟಿ ಅಂದರೆ ಕಾಸರಗೋಡಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಅಕ್ಕಲಕೋಟೆಯ ಕನ್ನಡಿಗರಿಗೆ ಹೊಸದಾಗಿರಬಹುದು. ಹಾಗಂತ ‘ಮೇಕಪ್ ರೂಮ್’ ಎಂದು ಬರೆದರೆ ಯಕ್ಷಗಾನ ಬಲ್ಲವರಿಗೆ ಇದ್ದ ಅರ್ಥವೂ ಹೋಗುತ್ತದೆ. ಕೇಳುವವರು ಯಾರೆಂದು ಗೊತ್ತಿಲ್ಲದಾಗ ಸರಿಯಾದ ಪದವನ್ನೇ ಇಟ್ಟು, ಅದರ ಅಕ್ಕಪಕ್ಕದ ಮಾತಿನಿಂದ ಅರ್ಥ ಹೊಳೆಯುವಂತೆ ಮಾಡುವುದು ಒಳ್ಳೆಯದು. ಹೀಗೆ ಮಾಡಿ ಕೊನೆಗೆ ಉಳಿದದ್ದು ಇದು:

```
<img src="chowki-014.jpg" lang="kn"
 alt="ಯಕ್ಷಗಾನದ ಚೌಕಿಯಲ್ಲಿ ನೆಲದ ಮೇಲೆ ಕೂತ
 ವೇಷಧಾರಿಯೊಬ್ಬರು ಕನ್ನಡಿ ನೋಡಿ ಮುಖಕ್ಕೆ ಚುಟ್ಟಿ
 ಇಡುತ್ತಿದ್ದಾರೆ. ಒಂದು ಕೆನ್ನೆ ತುಂಬ ಬಿಳಿ ಚುಕ್ಕಿಗಳ
 ಸಾಲು, ಇನ್ನೊಂದಕ್ಕೆ ಬರೀ ಬಣ್ಣ.">
```

‘ಫೋಟೋದಲ್ಲಿ’ ಎಂದು ಶುರು ಮಾಡಿಲ್ಲ. ಇದು ಚಿತ್ರ ಎಂಬುದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಎಲ್ಲಿ, ಯಾರು, ಏನು ಮಾಡುತ್ತಿದ್ದಾರೆ ಎಂಬುದು ಮೊದಲ ವಾಕ್ಯದಲ್ಲೇ ಮುಗಿದಿದೆ. ಮುಂದೆ ಯಾರೋ ಜಾಗ ಸಾಲದೆ ಎರಡನೇ ವಾಕ್ಯ ಕಿತ್ತುಹಾಕಿದರೂ ಅರ್ಥ ಉಳಿಯುತ್ತದೆ. `lang="kn"` ಇರುವುದು, ಇದು ಕನ್ನಡ ಎಂದು ಸ್ಕ್ರೀನ್ ರೀಡರಿಗೆ ತಿಳಿಯಲಿ ಎಂದು. ಪುಟ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಇದು ಬೇಕೇ ಬೇಕು. ಇಲ್ಲದಿದ್ದರೆ ಆ ಭಾಷೆಯ ದನಿಯೇ ಕನ್ನಡವನ್ನೂ ಓದಲು ಹೋಗಿ ತಡವರಿಸಬಹುದು, ಇಲ್ಲವೇ ಬಿಟ್ಟೇ ಬಿಡಬಹುದು. ಬಟ್ಟೆ ತೂಗುವ ಹಗ್ಗ ಇಲ್ಲಿ ಬಂದಿಲ್ಲ ಅಲ್ವಾ? ಅದನ್ನು ಬೇರೆ ಕಡೆ ಇಟ್ಟೆ.

ಪುಟವೇ ಇಲ್ಲದ ಚಿತ್ರಕ್ಕೆ ಈ ಮಾತನ್ನು ಎಲ್ಲಿ ಬರೆದಿಡುವುದು ಎಂಬುದಕ್ಕೂ ಉತ್ತರ ಉಂಟು. ಫೋಟೋ ಫೈಲಿನ ಒಳಗೇ ಮಾಹಿತಿ ಸೇರಿಸುವ ಐಪಿಟಿಸಿ ಎಂಬ ಪದ್ಧತಿ ಇದೆ, ಪತ್ರಿಕೆಗಳ ಫೋಟೋ ವಿಭಾಗದವರು ತುಂಬ ಕಾಲದಿಂದ ಬಳಸುವುದು. 2021ರಲ್ಲಿ ಅದಕ್ಕೆ ಎರಡು ಹೊಸ ಜಾಗ ಸೇರಿಸಿದರು. ಒಂದು `Alt Text (Accessibility)`, ಇನ್ನೊಂದು `Extended Description (Accessibility)`. ಮೊದಲನೆಯದಕ್ಕೆ 250 ಅಕ್ಷರದೊಳಗಿನ ಚಿಕ್ಕ ಮಾತು. ಎರಡನೆಯದರಲ್ಲಿ ವಿವರವಾಗಿ ಬರೆಯಬಹುದು. ಹಗ್ಗ, ಬಟ್ಟೆಯ ಬಣ್ಣ, ಕೈಯಲ್ಲಿರುವ ಕಡ್ಡಿ, ಪಕ್ಕದ ತೆಂಗಿನ ಗೆರಟೆಯಲ್ಲಿ ಕಲಸಿಟ್ಟ ಹಿಟ್ಟು ಎಲ್ಲವೂ ಅಲ್ಲಿ ಸೇರಿತು. ಮುಂದೆ ಬಳಸುವವರು ತಮಗೆ ಬೇಕಾದ್ದನ್ನು ಅಲ್ಲಿಂದ ಎತ್ತಿಕೊಳ್ಳಬಹುದು.

250 ಅಂದರೆ ಕನ್ನಡಕ್ಕೆ ಸ್ವಲ್ಪ ಇಕ್ಕಟ್ಟು. ‘ಚುಟ್ಟಿ’ ನಮ್ಮ ಲೆಕ್ಕಕ್ಕೆ ಎರಡಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಆರು: ಚ, ಉಕಾರದ ಕೊಂಬು, ಟ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ಮತ್ತೊಂದು ಟ, ಗುಡಿಸು. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ತುಂಬುತ್ತದೆ. ಎರಡು ವಾಕ್ಯಕ್ಕೆ ನಿಲ್ಲಿಸುವುದು ನನಗೆ ಅಭ್ಯಾಸವಾದದ್ದು ಹೀಗೆ.

ಇದಕ್ಕೂ ಮಿತಿ ಇದೆ. ಅದೇ ಫೋಟೋವನ್ನು ವಾಟ್ಸಾಪಿನಲ್ಲಿ ಮಾಮೂಲಿಯಂತೆ ಕಳಿಸಿದರೆ ಒಳಗಿನ ಮಾಹಿತಿ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಅದಕ್ಕೇ ಫೈಲ್ ನಂಬರಿನ ಜೊತೆ ಎಲ್ಲವನ್ನೂ ಒಂದು ಶೀಟಿನಲ್ಲೂ ಇಟ್ಟಿದ್ದೇನೆ. ಅದರಲ್ಲಿ ಒಂದು ಕಾಲಮ್ ‘ಖಚಿತವಿಲ್ಲ’ ಎಂದು. ಚೌಕಿಯ ಫೋಟೋದ ಮುಂದೆ ಅಲ್ಲಿ ‘ಪಾತ್ರ, ಹೆಸರು, ವರ್ಷ’ ಎಂದು ಇದೆ. ಅಲಂಕಾರದ ಚಿತ್ರಕ್ಕೆ ಹಾಕುವ `alt=""` ಅನ್ನು ಮಾತ್ರ ನಾನು ಯಾವುದಕ್ಕೂ ಹಾಕಿಲ್ಲ. ಚಿತ್ರ ಅಲಂಕಾರಕ್ಕೋ ಅಲ್ಲವೋ ಎಂದು ಹೇಳಬೇಕಾದವರು ಪುಟ ಕಟ್ಟುವವರು.

ಚಿತ್ರದಲ್ಲಿ ಬರಹ ಇದ್ದರೆ ಅದನ್ನು ಹಾಗೇ ಇಳಿಸುತ್ತೇನೆ. ನಮ್ಮ ಕಡೆ ಬೋರ್ಡುಗಳು ಎರಡು ಲಿಪಿಯಲ್ಲಿ ಇರುವುದುಂಟು. ‘ಬಾಗಿಲ ಮೇಲೆ ಬೋರ್ಡು: ಮೇಲಿನ ಸಾಲು ಮಲಯಾಳದಲ್ಲಿ, ಕೆಳಗೆ ಕನ್ನಡದಲ್ಲಿ ವಾಚನಾಲಯ’ ಎಂದು ಬರೆದರೆ ಬರಹವೂ ಬಂತು, ಎರಡು ಲಿಪಿ ಇರುವುದೂ ಬಂತು. ಯಾರಿಗೆ ಯಾವುದು ಬೇಕಾಗುತ್ತದೋ.

ಕಳೆದ ತಿಂಗಳು ಮಕ್ಕಳಿಗೆ ಬಣ್ಣಗಾರಿಕೆ ಕಲಿಸುವವರೊಬ್ಬರು ಆ ಚೌಕಿಯ ಫೋಟೋ ಕೇಳಿ ತೆಗೆದುಕೊಂಡರು. ಅವರ ಪಾಠದಲ್ಲಿ ಚೌಕಿಯ ಮಾತು ಮೊದಲೇ ಬಂದಿತ್ತು, ಫೋಟೋದ ಕೆಳಗಿನ ಸಾಲಿನಲ್ಲಿ ವೇಷಧಾರಿಯ ಮಾತೂ ಇತ್ತು. ನನ್ನ ಮೊದಲ ವಾಕ್ಯ ಉಳಿಸಿದ್ದರೆ ಕೇಳುವವರಿಗೆ ಒಂದೇ ಸಂಗತಿ ಎರಡೆರಡು ಸಲ ಆಗುತ್ತಿತ್ತು. ಅವರು ಅದನ್ನು ತೆಗೆದುಬಿಟ್ಟು, ವಿವರದ ಜಾಗದಿಂದ ಕಡ್ಡಿಯನ್ನೂ ಗೆರಟೆಯ ಹಿಟ್ಟನ್ನೂ ಎತ್ತಿಕೊಂಡು ಬರೆದರು: ‘ಹಿಟ್ಟಿನಲ್ಲಿ ಅದ್ದಿದ ಕಡ್ಡಿಯ ತುದಿ ಕೆನ್ನೆಗೆ ತಾಗಿದೆ. ಇಟ್ಟಾದ ಚುಕ್ಕಿಗಳು ಸಾಲಾಗಿ ಕಿವಿಯ ಕಡೆಗೆ ಹೋಗಿವೆ.’ ಮಾಷ್ಟ್ರಿಗೆ ಕೇಳಿಸಿದೆ. “ಈಗ ಕೈ ಕಾಣ್ತದೆ” ಎಂದರು.