ಹೊಟ್ಟೆ ಕಟ್ಟಿದ್ದಕ್ಕೇ ಆಗುವ ಭೇದಿ

ಹೋದ ವರ್ಷ ನಮ್ಮ ದೊಡ್ಡಮ್ಮನಿಗೆ ಭೇದಿ ಶುರುವಾಯಿತು. ವಯಸ್ಸು 74. ದಿನಕ್ಕೆ ಏಳೆಂಟು ಸಲ ಹೋಗಬೇಕು, ಹೋದಾಗೆಲ್ಲ ಚೂರೇ ಚೂರು, ಬರೀ ನೀರು. ಎರಡು ಸಲ ಅವರಿಗೆ ಗೊತ್ತಾಗದೆಯೇ ಸೀರೆಯಲ್ಲಿ ಆಗಿಬಿಟ್ಟಿತು. ಆ ಸಂಕೋಚಕ್ಕೆ ಊಟವನ್ನೇ ಕಮ್ಮಿ ಮಾಡಿದರು. ನಾವು ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಟ್ಟೆವು. ಒಂದು ದಿನ ನಿಂತಿತು. ಮತ್ತೆ ಶುರುವಾದಾಗ ಹೊಟ್ಟೆಯೂ ಉಬ್ಬಿಕೊಂಡಿತ್ತು.

ಡಾಕ್ಟರ್ ಭೇದಿಯ ಬಗ್ಗೆ ಕೇಳಲೇ ಇಲ್ಲ. "ಅಮ್ಮಾ, ಇದಕ್ಕೆ ಮುಂಚೆ ಗಟ್ಟಿಯಾಗಿ ಹೋಗಿದ್ದು ಯಾವಾಗ?" ಅಂದರು. ಲೆಕ್ಕ ಹಾಕಿದರೆ ಒಂಬತ್ತು ದಿನ ಆಗಿತ್ತು. ಮಂಡಿನೋವಿಗೆ ಟ್ರಮಡಾಲ್ ಇರುವ ಮಾತ್ರೆ ಶುರು ಮಾಡಿದ್ದೂ ಆ ಸುಮಾರಿಗೇ. ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷೆ ಮಾಡಿದಾಗ ಗುದನಾಳದ ತುಂಬ ಗಟ್ಟಿ ಮಲ ಸಿಕ್ಕಿಕೊಂಡಿತ್ತು. ದೊಡ್ಡಮ್ಮನಿಗೆ ಆಗಿದ್ದು ಭೇದಿಯಲ್ಲ, ಮಲಬದ್ಧತೆ.

ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರಾದ ಪದಾರ್ಥ ದೊಡ್ಡ ಕರುಳಿಗೆ ಬರುತ್ತದೆ. ಕರುಳು ಅದರ ಬಹುಪಾಲು ನೀರನ್ನು ಹೀರಿಕೊಂಡು ಕೊನೆಗೆ 100-200 ಮಿಲಿಲೀಟರಿನಷ್ಟು ನೀರನ್ನು ಮಾತ್ರ ಹೊರಗೆ ಬಿಡುತ್ತದೆ. ಮಲ ಒಳಗೇ ಜಾಸ್ತಿ ದಿನ ನಿಂತರೆ ಹೀರುವುದು ನಡೆಯುತ್ತಲೇ ಇರುತ್ತದೆ, ಉಂಡೆ ಕಲ್ಲಾಗುತ್ತದೆ. ಮೇಲಿನಿಂದ ಬರುವ ತೆಳು ಮಲಕ್ಕೆ ದಾರಿ ಸಿಗುವುದಿಲ್ಲ. ಅದು ಉಂಡೆಯ ಅಕ್ಕಪಕ್ಕದ ಸಂದಿನಲ್ಲಿ ನುಸುಳಿ ಜಿನುಗುತ್ತದೆ. ಗುದನಾಳ ಹಿಗ್ಗಿ ಹಿಗ್ಗಿ ಸೂಕ್ಷ್ಮ ಕಳೆದುಕೊಂಡಿರುವುದರಿಂದ ಜಿನುಗಿದ್ದೂ ಗೊತ್ತಾಗುವುದಿಲ್ಲ. ಹೀಗಿರುವಾಗ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಟ್ಟಿದ್ದು ಇನ್ನೂ ಕಟ್ಟುತ್ತದೆ. ಇಸಬ್ಗೋಲ್ ಕೂಡ ಆಗ ಬೇಡ, ಅದು ಊದಿಕೊಂಡು ಉಂಡೆಯ ಹಿಂದೆಯೇ ತುಂಬಿಕೊಳ್ಳುತ್ತದೆ. ದೊಡ್ಡಮ್ಮನಿಗೆ ಎನಿಮಾ ಕೊಟ್ಟರು, ಕೆಲವು ವಾರ ಮಲ ಮೆತ್ತಗಾಗುವ ಔಷಧ ಕೊಟ್ಟರು, ಮಲ ಕಟ್ಟಿಸುವ ಆ ನೋವಿನ ಮಾತ್ರೆ ಬದಲಾಯಿಸಿದರು.

ವಯಸ್ಸಾದವರಲ್ಲಿ, ಹಾಸಿಗೆ ಹಿಡಿದವರಲ್ಲಿ ಇದು ಜಾಸ್ತಿ. ಹಲವು ದಿನ ಏನೂ ಇಲ್ಲದೆ ಆಮೇಲೆ ಚೂರುಚೂರೇ ನೀರು, ಹೋಗಿ ಬಂದರೂ ಹಗುರ ಅನ್ನಿಸದಿರುವುದು, ಹಸಿವಿಲ್ಲದಿರುವುದು, ಇವೆಲ್ಲ ಸೇರಿದರೆ ಅನುಮಾನ ಪಡಿ.

ಚಿಕ್ಕ ವಯಸ್ಸಿನವರ ಕಥೆ ಸಾಮಾನ್ಯವಾಗಿ ಬೇರೆ. ಎರಡು ದಿನ ಹೋಗಿಲ್ಲ ಅಂತ ಗಾಬರಿಯಾಗಿ ಜೋರಾಗಿ ಭೇದಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಕರುಳು ಪೂರ್ತಿ ಖಾಲಿಯಾಗುತ್ತದೆ. ಅದು ಮತ್ತೆ ತುಂಬಲು ಎರಡು-ಮೂರು ದಿನ ಬೇಕಲ್ವಾ? ಆ ಖಾಲಿ ದಿನಗಳನ್ನೇ ಮಲಬದ್ಧತೆ ಅಂದುಕೊಂಡು ಮತ್ತೆ ಮಾತ್ರೆ ನುಂಗುತ್ತಾರೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಹೋಗುವುದು ಸಾಮಾನ್ಯವೇ.

ಮಾತ್ರೆ ಏನೂ ಇಲ್ಲದೆ ಒಂದು ವಾರ ಆಡಿನ ಹಿಕ್ಕೆಯಂತೆ, ಇನ್ನೊಂದು ವಾರ ಅಂಬಲಿಯಂತೆ ಆಗುತ್ತಿದ್ದು, ಜೊತೆಗೆ ಹೊಟ್ಟೆನೋವೂ ಇದ್ದರೆ ಕರುಳು ಕೆರಳುವ ತೊಂದರೆ, ಅಂದರೆ ಐಬಿಎಸ್ ಇರಬಹುದು. ಇದರಲ್ಲಿ ಕರುಳಿನಲ್ಲಿ ಹುಣ್ಣೋ ಗಡ್ಡೆಯೋ ಇರುವುದಿಲ್ಲ, ಅದರ ಚಲನೆ ಮತ್ತು ನರಗಳ ಸೂಕ್ಷ್ಮತೆ ಹದ ತಪ್ಪಿರುತ್ತದೆ. ಆದರೂ ನೋವು ನಿಜವಾದದ್ದೇ, ಸುಮ್ನೆ ಅಂದುಕೊಳ್ಳುವುದಲ್ಲ. ನೋವು ಮಲಕ್ಕೆ ಹೋದಾಗ ಜಾಸ್ತಿಯೋ ಕಮ್ಮಿಯೋ ಆಗುತ್ತಾ, ಮೂರು ತಿಂಗಳಿಂದ ವಾರಕ್ಕೊಂದು ದಿನವಾದರೂ ಇದೆಯಾ ಅಂತ ಡಾಕ್ಟರ್ ಕೇಳುತ್ತಾರೆ.

ಅವರ ಹತ್ತಿರ ಹೋಗುವ ಮುಂಚೆ ಎರಡು ವಾರ ಕ್ಯಾಲೆಂಡರಿನ ಮೇಲೆ ದಿನಾ ಒಂದು ಅಂಕಿ ಬರೆಯಿರಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ ಮಲದ ಅಳತೆಪಟ್ಟಿಯಲ್ಲಿ 1 ಅಂದರೆ ಹಿಕ್ಕೆ, 4 ಅಂದರೆ ನುಣುಪಾದ ಬಾಳೆಹಣ್ಣಿನಂಥದ್ದು, 7 ಅಂದರೆ ಬರೀ ನೀರು. ಪಕ್ಕದಲ್ಲಿ ಆ ದಿನ ನುಂಗಿದ ಮಾತ್ರೆಯನ್ನೂ ಬರೆಯಿರಿ. ಕಬ್ಬಿಣದ ಮಾತ್ರೆ ಮಲ ಕಟ್ಟಿಸುತ್ತದೆ, ಶುಗರಿನ ಮೆಟ್‌ಫಾರ್ಮಿನ್ ಸಡಿಲ ಮಾಡುತ್ತದೆ. ಎರಡನ್ನೂ ತೆಗೆದುಕೊಳ್ಳುವವರು ಎಷ್ಟು ಜನ ಇಲ್ಲ!

ಕೆಲವು ಸಲ ಮಾತ್ರ ಎರಡು ವಾರ ಕಾಯಬಾರದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ. ನಲವತ್ತೈದು ದಾಟಿದ ಮೇಲೆ ಹೊಸದಾಗಿ ಹೀಗೆ ಬದಲಾಗಿ ಕೆಲವು ವಾರವಾದರೂ ಸರಿಹೋಗದಿದ್ದರೆ ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು, ಮನೆಯಲ್ಲಿ ಯಾರಿಗಾದರೂ ಅದು ಬಂದಿದ್ದರೆ ಇನ್ನೂ ಬೇಗ. ತೂಕ ತಾನಾಗೇ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಐಬಿಎಸ್‌ನ ಲಕ್ಷಣಗಳಲ್ಲ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ನಿಂತರೆ ಕರುಳು ಮುಚ್ಚಿಕೊಂಡಿರಬಹುದು. ಆಗ ಮನೆಯಲ್ಲಿ ಯಾವ ಮಾತ್ರೆಯನ್ನೂ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.