ನಾಲ್ಕರಲ್ಲಿ ಒಂದು ಗುಣಾಕಾರ ಉಳಿಸಿದ ಕಥೆ

ದೊಡ್ಡ ಸಂಖ್ಯೆಗಳನ್ನು ವೇಗವಾಗಿ ಗುಣಿಸುವ ಬಗ್ಗೆ ಇಂದು ಎಷ್ಟು ವಿಧಾನಗಳಿವೆಯೆಂದರೆ, ಯಾವುದು ಯಾವಾಗ ಬಂತು, ಯಾವುದು ಯಾವುದನ್ನು ಮೀರಿಸಿತು ಎಂದು ನೆನಪಿಡುವುದೇ ಒಂದು ಲೆಕ್ಕ. 1963ರಲ್ಲಿ ಟೂಮ್, 1971ರಲ್ಲಿ ಶೋನ್‌ಹಾಗೆ ಮತ್ತು ಸ್ಟ್ರಾಸೆನ್, 2019ರಲ್ಲಿ ಹಾರ್ವಿ ಮತ್ತು ವ್ಯಾನ್ ಡರ್ ಹುವೆನ್: ಸಾಲು ಉದ್ದವಿದೆ. ಆದರೆ ಗಂಟು ಬಿಚ್ಚಿದ್ದು 1960ರ ಮಾಸ್ಕೋದಲ್ಲಿ.

ಅಲ್ಲಿಯವರೆಗೆ ಸಾವಿರಾರು ವರ್ಷ ಬಹುಮಟ್ಟಿಗೆ ಎಲ್ಲರೂ ಮಾಡಿದ್ದು ಒಂದೇ ಬಗೆಯ ಕೆಲಸ. ಮೇಲಿನ ಸಂಖ್ಯೆಯ ಪ್ರತಿ ಅಂಕಿಯನ್ನೂ ಕೆಳಗಿನ ಪ್ರತಿ ಅಂಕಿಯಿಂದ ಗುಣಿಸುವುದು. ಅಂಕಿಗಳು ಇಮ್ಮಡಿಯಾದರೆ ಕೆಲಸ ನಾಲ್ಕು ಪಟ್ಟು. ಹೆಸರಾಂತ ಗಣಿತಜ್ಞ ಆಂಡ್ರೇ ಕೊಲ್ಮೊಗೊರೊವ್ ಇದಕ್ಕಿಂತ ಬೇಗ ಮುಗಿಸುವ ದಾರಿ ಇಲ್ಲವೆಂದು ಊಹಿಸಿದ್ದರು. ಇದ್ದಿದ್ದರೆ ಇಷ್ಟು ಕಾಲದಲ್ಲಿ ಯಾರ ಕೈಗಾದರೂ ಸಿಗುತ್ತಿತ್ತು ಎಂಬುದು ತರ್ಕ. ಹುಡುಕಿದವರು ಎಷ್ಟು ಜನ ಎಂದು ಮಾತ್ರ ಆ ತರ್ಕ ಕೇಳುವುದಿಲ್ಲ. ಆ ವರ್ಷದ ಶರತ್ಕಾಲದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಅವರು ಈ ಊಹೆಯನ್ನು ಮುಂದಿಟ್ಟರು. 23 ವರ್ಷದ ಅನಾತೊಲಿ ಕರತ್ಸುಬಾ ಒಂದು ವಾರದೊಳಗೆ ಅದನ್ನು ಸುಳ್ಳು ಮಾಡಿದರು.

ಸಂಖ್ಯೆಯನ್ನು ಎರಡು ಹೋಳು ಮಾಡುವುದು ಮೊದಲ ಹೆಜ್ಜೆ. 5137 ಅನ್ನು 2846ರಿಂದ ಗುಣಿಸಬೇಕು ಎನ್ನೋಣ. ಹೋಳುಗಳು 51 ಮತ್ತು 37, 28 ಮತ್ತು 46. ನೇರವಾಗಿ ಹೋದರೆ ನಾಲ್ಕು ಗುಣಾಕಾರ ಬೇಕು: 51×28, 51×46, 37×28, 37×46. ಇಲ್ಲಿಗೆ ನಿಂತರೆ ಏನೂ ಉಳಿಯುವುದಿಲ್ಲ. ಅಳತೆ ಅರ್ಧವಾಯಿತು, ಕೆಲಸಗಳು ನಾಲ್ಕಾದವು, ಒಟ್ಟು ಶ್ರಮ ಮೊದಲಿನಷ್ಟೇ. ಹೋಳು ಮಾಡುವುದರಿಂದಲೇ ಲಾಭ ಎಂದು ಅನೇಕ ವಿವರಣೆಗಳು ಹೇಳಿಬಿಡುತ್ತವೆ. ಓದುಗ ಎಡವುವುದೂ ಅಲ್ಲಿಯೇ.

ಲಾಭವಿರುವುದು ನಡುವಿನ ಎರಡರಲ್ಲಿ. 51×46 ಮತ್ತು 37×28 ಎರಡೂ ನೂರರ ಸ್ಥಾನಕ್ಕೇ ಸೇರುವುದರಿಂದ ನಮಗೆ ಬೇರೆ ಬೇರೆಯಾಗಿ ಬೇಕಿಲ್ಲ, ಅವುಗಳ ಮೊತ್ತ ಸಿಕ್ಕರೆ ಸಾಕು. ಹೋಳುಗಳನ್ನು ಕೂಡಿ ಗುಣಿಸಿದರೆ, ಅಂದರೆ (51+37)×(28+46) = 88×74 = 6512 ಮಾಡಿದರೆ, ಅದರೊಳಗೆ ನಾಲ್ಕೂ ಗುಣಲಬ್ಧಗಳು ಸೇರಿರುತ್ತವೆ. ಕೊನೆಗಳ ಎರಡು ಹೇಗೂ ಬೇಕಾದವೇ: 51×28 = 1428, 37×46 = 1702. ಅವೆರಡನ್ನೂ ಕಳೆದರೆ ಉಳಿಯುವುದು 3382, ನಡುವಿನ ಮೊತ್ತ. ಇನ್ನು ಸ್ಥಾನ ನೋಡಿ ಜೋಡಿಸಿದರಾಯಿತು:

```
14280000
  338200
    1702
--------
14619902
```

ನಾಲ್ಕನೆಯ ಗುಣಾಕಾರದ ಬದಲು ಕೆಲವು ಕೂಡುವುದು, ಕಳೆಯುವುದು ಬಂತು. ಅವು ಅಗ್ಗ, ಅಂಕಿಗಳು ಇಮ್ಮಡಿಯಾದರೆ ಅವುಗಳ ಖರ್ಚೂ ಇಮ್ಮಡಿಯಷ್ಟೇ. ಒಂದು ಸಲ ನಾಲ್ಕರಲ್ಲಿ ಒಂದು ಉಳಿದರೆ ಕಾಲುಭಾಗ ಮಾತ್ರ. ಆದರೆ ಆ ಮೂರರ ಒಳಗೂ ಇದೇ ಉಪಾಯ ಹೂಡಬಹುದು. 1024 ಅಂಕಿಗಳ ಸಂಖ್ಯೆಯನ್ನು ಹತ್ತು ಸಲ ಅರ್ಧ ಮಾಡುತ್ತಾ ಹೋದರೆ ಬಿಡಿ ಅಂಕಿಗೆ ಬರುತ್ತೇವೆ. ನಾಲ್ಕರ ದಾರಿಯಲ್ಲಿ ಹೋದರೆ 4ರ ಹತ್ತನೆಯ ಘಾತ, 10,48,576 ಗುಣಾಕಾರ. ಮೂರರ ದಾರಿಯಲ್ಲಿ 59,049. ಗಣಿತದ ಮಾತಿನಲ್ಲಿ, ಅಂಕಿಗಳು n ಇದ್ದರೆ, ಕೆಲಸ n²ರಂತೆ ಬೆಳೆಯುವ ಬದಲು ಸುಮಾರು n^1.585ರಂತೆ ಬೆಳೆಯುತ್ತದೆ.

ಇದನ್ನು ಪ್ರೋಗ್ರಾಂ ಆಗಿ ಬರೆದು ನೋಡುವವರು ಒಂದು ಕಡೆ ಜಾರುತ್ತಾರೆ. 51+37 ಎರಡಂಕಿಯಲ್ಲೇ ನಿಂತಿತು. 51+67 ಆಗಿದ್ದರೆ 118, ದಶಕ ಹೊರಗೆ ಚಾಚುತ್ತದೆ. ಅದಕ್ಕೆ ಜಾಗವಿಡದ ಪ್ರೋಗ್ರಾಂ ಅನೇಕ ಸಂಖ್ಯೆಗಳಿಗೆ ಸರಿಯಾದ ಉತ್ತರ ಕೊಟ್ಟು, ಯಾವುದೋ ಒಂದಕ್ಕೆ ಸದ್ದಿಲ್ಲದೆ ತಪ್ಪುತ್ತದೆ. ಎಲ್ಲವೂ 9 ಇರುವ ಸಂಖ್ಯೆಗಳನ್ನು ಕೊಟ್ಟರೆ ತಕ್ಷಣ ಸಿಕ್ಕಿಬೀಳುತ್ತದೆ. ಕೂಡುವ ಬದಲು ಕಳೆಯುವುದು ಇನ್ನೊಂದು ದಾರಿ: (51−37)×(28−46) = −252, ಇದನ್ನು 1428+1702ರಿಂದ ಕಳೆದರೂ 3382. ವ್ಯತ್ಯಾಸಗಳು ಎರಡಂಕಿ ದಾಟುವುದಿಲ್ಲ, ಚಿಹ್ನೆಯ ಮೇಲೆ ಮಾತ್ರ ಕಣ್ಣಿಡಬೇಕು.

ಮಾಸ್ಕೋಗೆ ಮರಳಿದರೆ, ಮುಂದಿನ ಗೋಷ್ಠಿಯಲ್ಲಿ ಕೊಲ್ಮೊಗೊರೊವ್ ಈ ಫಲಿತಾಂಶವನ್ನು ತಾವೇ ವಿವರಿಸಿದರು, ಗೋಷ್ಠಿಯನ್ನು ಅಲ್ಲಿಗೇ ಮುಗಿಸಿದರು. 1962ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನ ಬಂತು. ಮೇಲೆ ಕರತ್ಸುಬಾ ಮತ್ತು ಯೂರಿ ಒಫ್ಮಾನ್ ಹೆಸರು. ಕರತ್ಸುಬಾ ಅವರಿಗೆ ಅದು ತಿಳಿದದ್ದು ಅಚ್ಚಾದ ಪ್ರತಿಗಳು ಕೈಸೇರಿದಾಗ. ಬರೆದದ್ದು ಬಹುಮಟ್ಟಿಗೆ ಕೊಲ್ಮೊಗೊರೊವ್ ಅವರೇ ಇರಬೇಕೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ತರುಣನ ಹೆಸರು ಉಳಿಯಿತು, ಒಪ್ಪಿಗೆ ಕೇಳಲಿಲ್ಲ. ಆ ಕಾಲದ ರೂಢಿಯೋ ಏನೋ. ಆದರೂ ‘ಕರತ್ಸುಬಾ–ಒಫ್ಮಾನ್ ವಿಧಾನ’ ಎಂಬ ಜೋಡುಹೆಸರು ಹಲವೆಡೆ ಅಂಟಿಕೊಂಡಿತು. ಅದೇ ಲೇಖನದಲ್ಲಿ ಒಫ್ಮಾನ್ ಅವರದು ಬೇರೆಯದೇ ಫಲಿತಾಂಶ.

ಸಣ್ಣ ಸಂಖ್ಯೆಗಳಿಗೆ ಶಾಲೆಯ ವಿಧಾನವೇ ಇಂದಿಗೂ ಮೇಲು, ಏಕೆಂದರೆ ಕೂಡಿ ಕಳೆಯುವ ಖರ್ಚು ಅಲ್ಲಿ ಉಳಿತಾಯವನ್ನು ನುಂಗಿಬಿಡುತ್ತದೆ. ಪೈಥಾನ್ ಭಾಷೆಯ ಸಾಮಾನ್ಯ ಆವೃತ್ತಿ ಸಂಖ್ಯೆಗಳನ್ನು 30 ಬಿಟ್‌ಗಳ ತುಂಡುಗಳಾಗಿ ಇಡುತ್ತದೆ, ಎರಡೂ ಸಂಖ್ಯೆಗಳು 70 ತುಂಡು ದಾಟಿದ ಮೇಲಷ್ಟೇ ಕರತ್ಸುಬಾ ವಿಧಾನಕ್ಕೆ ಕೈಹಾಕುತ್ತದೆ. 2048 ಬಿಟ್‌ಗಳ ಎರಡು ಬೇರೆ ಬೇರೆ ಸಂಖ್ಯೆಗಳಿಗೆ 69 ತುಂಡುಗಳೇ ಸಾಕು. ಆದ್ದರಿಂದ ಅವನ್ನು ಅದು ಇನ್ನೂ ಮೇಷ್ಟರು ಹೇಳಿಕೊಟ್ಟ ಹಾಗೆಯೇ ಗುಣಿಸುತ್ತದೆ.