ನನ್ನ 1 ಅವರಿಗೆ 7 ಆಗಿ ಕಂಡರೆ: ಅರ್ಜಿಯಲ್ಲಿ ಅಂಕಿ ಬರೆಯುವ ಬಗೆ

ಪ್ರಶ್ನೆ: ಅರ್ಜಿಯಲ್ಲಿ ನಾನು ಬರೆದ 1 ಅನ್ನು 7 ಎಂದೂ 6 ಅನ್ನು ಸೊನ್ನೆ ಎಂದೂ ಓದಿ ಕಂಪ್ಯೂಟರಿಗೆ ಹಾಕಿಬಿಡುತ್ತಾರೆ. ಕನ್ನಡ ಅಂಕಿಗಳಲ್ಲೇ ಬರೆದರೆ ಈ ತೊಂದರೆ ತಪ್ಪುತ್ತದೆಯೇ?

ಉತ್ತರ: ಈ ಎರಡು ಗೊಂದಲ ತಪ್ಪುತ್ತವೆ, ಆದರೆ ಅವುಗಳ ಜಾಗಕ್ಕೆ ಬೇರೆ ಕೆಲವು ಬರುತ್ತವೆ. ಹಾಗಾಗಿ ಲಿಪಿ ಬದಲಿಸುವ ಮೊದಲು ಕೈಬರಹದಲ್ಲಿ ಅಂಕಿ ಕೆಡುವುದು ಎಲ್ಲಿ ಎಂದು ನೋಡೋಣ.

ನಮ್ಮ ಶಾಲೆಗಳಲ್ಲಿ 1 ಎಂದರೆ ನೆಟ್ಟಗಿನ ಒಂದೇ ಗೆರೆ. ಅಚ್ಚಿನಲ್ಲಿ ಅದರ ತಲೆಗೊಂದು ಸಣ್ಣ ಕೊಕ್ಕೆ ಇರುತ್ತದೆ. ಅಚ್ಚಿನ ಹಾಗೆ ಬರೆಯಲು ಹೋಗಿ ನಾವೂ ಕೊಕ್ಕೆ ಹಾಕುತ್ತೇವೆ. ಅವಸರದಲ್ಲಿ ಆ ಕೊಕ್ಕೆ ಉದ್ದವಾಗುತ್ತದೆ, ಗೆರೆ ಓರೆಯಾಗುತ್ತದೆ, ಅಷ್ಟಕ್ಕೇ ಅದು 7. ಕೊಕ್ಕೆಯ ಜತೆ ಕೆಳಗೆ ಅಡ್ಡಗೆರೆ ಎಳೆದರೆ 7ರ ಭಯ ಹೋಗುತ್ತದೆ ನಿಜ, ಆದರೆ ಪೆನ್ನು ಎತ್ತದೆ ಬರೆದಾಗ ಅದೇ 2 ಆಗಿ ಕೂರುತ್ತದೆ. ಆದ್ದರಿಂದ ಅರ್ಜಿಯ ಚೌಕದಲ್ಲಿ 1 ಎಂದರೆ ಮೇಲಿಂದ ಕೆಳಕ್ಕೆ ಒಂದು ಗೆರೆ, ಬೇರೇನೂ ಬೇಡ. 7ಕ್ಕೆ ಮೇಲಿನ ಗೆರೆಯನ್ನು ಚೌಕದ ಅಗಲದ ಮುಕ್ಕಾಲು ಭಾಗದಷ್ಟು ಎಳೆದು, ಮೂಲೆಯನ್ನು ಚೂಪಾಗಿ ತಿರುಗಿಸಿ, ಕಾಲನ್ನು ಎಡಕ್ಕೆ ಇಳಿಸಿ. ಯುರೋಪಿನವರಂತೆ 7ರ ನಡುವೆ ಅಡ್ಡಗೆರೆ ಹಾಕುವುದು ಮನುಷ್ಯರು ಓದುವ ಅರ್ಜಿಯಲ್ಲಿ ಒಳ್ಳೆಯದೇ. ಆದರೆ ಯಂತ್ರ ಓದುವ ನಮೂನೆಯ ಮೇಲ್ಭಾಗದಲ್ಲಿ ಅಂಕಿಗಳ ಮಾದರಿ ಅಚ್ಚಾಗಿದ್ದರೆ ಅದನ್ನೇ ಅನುಸರಿಸಿ. ಅಲ್ಲಿ 7ಕ್ಕೆ ಅಡ್ಡಗೆರೆ ಇಲ್ಲದಿದ್ದರೆ ನೀವೂ ಹಾಕಬೇಡಿ.

6 ಮತ್ತು 0 ಕೆಡುವುದು ಸುತ್ತು ಮುಗಿಯುವ ಜಾಗದಲ್ಲಿ. ಸೊನ್ನೆಯನ್ನು ಮೇಲಿನಿಂದ ಶುರು ಮಾಡಿ ಸುತ್ತಿ ಬಂದಾಗ ಆರಂಭದ ತುದಿ ಹೊರಗೆ ಉಳಿದರೆ ಅದಕ್ಕೆ ಬಾಲ ಬಂದು 6 ಆಗುತ್ತದೆ. 6ರ ಹೊಟ್ಟೆ ದೊಡ್ಡದಾಗಿ ತಲೆಯವರೆಗೂ ಏರಿದರೆ ಅದು ಸೊನ್ನೆಯಾಗುತ್ತದೆ. 6ರ ಹೊಟ್ಟೆ ಚೌಕದ ಅರ್ಧಕ್ಕಿಂತ ಮೇಲೆ ಹೋಗಬಾರದು, ಮೇಲಿನ ಅರ್ಧದಲ್ಲಿ ಕಾಂಡ ಮಾತ್ರ ಕಾಣಬೇಕು. ಸೊನ್ನೆಯ ಒಳಗೆ ಓರೆಗೆರೆ ಹಾಕುವ ಕಂಪ್ಯೂಟರ್ ಮಂದಿಯ ಅಭ್ಯಾಸ ಅರ್ಜಿಯಲ್ಲಿ ಬೇಡ. ಅದು 8ರಂತೆ ಕಾಣಬಹುದು, ಅಥವಾ ಬರೆದು ಹೊಡೆದುಹಾಕಿದಂತೆ.

ಒಂದೇ ಅಂಕಿಯಿಂದ ಏನಾಗುತ್ತದೆ ಎನ್ನುವುದಕ್ಕೆ ಪಿನ್ ಕೋಡ್ ನೋಡಿ. ಮಂಡ್ಯದ ಪಿನ್ 571401, ಸಾಗರದ್ದು 577401. ಮೂರನೆಯ ಅಂಕಿ 1 ಹೋಗಿ 7 ಆದರೆ ಮಂಡ್ಯದ ಕಾಗದ ಶಿವಮೊಗ್ಗ ಜಿಲ್ಲೆಯ ದಾರಿ ಹಿಡಿಯುತ್ತದೆ, ಏಕೆಂದರೆ ಅಂಚೆ ವಿಂಗಡಣೆ ಮೊದಲ ಮೂರು ಅಂಕಿಗಳನ್ನು ನೋಡಿ ನಡೆಯುತ್ತದೆ. ಬೆಂಗಳೂರಿನ 560001ರಲ್ಲಿ 6 ಸೊನ್ನೆಯಾದರೆ 500001, ಅದು ಹೈದರಾಬಾದು. ಎರಡೂ ನಿಜವಾದ ಪಿನ್‌ಗಳಾದ್ದರಿಂದ ಕಂಪ್ಯೂಟರು ತಕರಾರು ಎತ್ತುವುದಿಲ್ಲ. ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುತ್ತವೆ ಎಂದು ನೆನಪಿದ್ದರೆ ಎರಡನೆಯ ತಪ್ಪನ್ನು ರಸೀದಿ ನೋಡಿದ ತಕ್ಷಣ ಹಿಡಿಯಬಹುದು. ಮೊದಲನೆಯದು ಹಾಗೆ ಸಿಗುವುದಿಲ್ಲ.

ಆಧಾರ್ ಸಂಖ್ಯೆ ಈ ವಿಷಯದಲ್ಲಿ ಗಟ್ಟಿ. ಹನ್ನೆರಡು ಅಂಕಿಗಳಲ್ಲಿ ಕೊನೆಯದು ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದ ತಾಳೆ ಅಂಕಿ. ಒಂದು ಅಂಕಿ ತಪ್ಪಾಗಿ ಓದಿದರೂ ತಾಳೆ ಬೀಳದೆ ತಪ್ಪು ಸಿಕ್ಕಿಬೀಳುತ್ತದೆ. ಮೊಬೈಲ್ ಸಂಖ್ಯೆಗೆ ಅಂಥ ಕಾವಲು ಇಲ್ಲ, ತಪ್ಪಾಗಿ ಓದಿದ ಸಂಖ್ಯೆಯೂ ಯಾರದೋ ಆಗಿರಬಹುದು, ಆಗ ಒಟಿಪಿ ಅವರಿಗೆ ಹೋಗುತ್ತದೆ. ಬ್ಯಾಂಕಿನ ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರಗಳಿದ್ದು ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ಓ ಅಕ್ಷರ ಎಂದುಕೊಂಡು ಬರೆಯುವವರು ಬಹಳ.

ಈಗ ಕನ್ನಡ ಅಂಕಿಗೆ ಬರೋಣ. ಕನ್ನಡದ ೧ ಎಂದರೆ ಕೆಳಗೆ ಬಾಯಿ ತೆರೆದ ಸುತ್ತು. ಆ ಬಾಯಿ ಮುಚ್ಚಿದರೆ ೦. ಗೊಂದಲಕ್ಕೆ ಇಷ್ಟೇ ಸಾಕು. ೨ ಮತ್ತು ೩ರ ವ್ಯತ್ಯಾಸ ಕೊನೆಯ ಒಂದು ಬಾಲದಲ್ಲಿದೆ, ಬಾಲ ಮೊಟಕಾದರೆ ೩ ಎರಡಾಗುತ್ತದೆ. ೪ರ ಮೇಲಿನ ಎರಡು ಕೊಂಬುಗಳು ಕೂಡಿಕೊಂಡರೆ ಇಂಗ್ಲಿಷಿನ 8ರಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಎರಡೂ ಲಿಪಿಗಳು ಬೆರೆತಾಗ. ಸೊನ್ನೆ ಎರಡರಲ್ಲೂ ಒಂದೇ, 2 ಮತ್ತು ೨ ಹೆಚ್ಚುಕಡಿಮೆ ಒಂದೇ. ಆದ್ದರಿಂದ ೨೦೧ ಎಂದು ಬರೆದರೆ ಇದು ಕನ್ನಡದಲ್ಲಿದೆ ಎಂಬ ಸುಳಿವು ಓದುವವರಿಗೆ ಕೊನೆಯ ಅಂಕಿಯಲ್ಲಿ ಮಾತ್ರ ಸಿಗುತ್ತದೆ. ಅದೂ ಸರಿಯಾಗಿ ಬಾಯಿ ತೆರೆಯದಿದ್ದರೆ 200 ಎಂದು ಓದಿ ಮುಂದೆ ಹೋಗುತ್ತಾರೆ. ೫೮೪ ಎಂದಿದ್ದರೆ ಈ ಅನುಮಾನವೇ ಬರುವುದಿಲ್ಲ. ಅಂದರೆ ೦, ೧, ೨ ಮಾತ್ರ ಇರುವ ಸಂಖ್ಯೆಗಳೇ ಅಪಾಯದವು, ದಿನಾಂಕಗಳಲ್ಲಿ ಅವೇ ಜಾಸ್ತಿ. ೧೦-೧೨ ಎಂಬ ತಾರೀಖನ್ನು ಅಕ್ಷರದಲ್ಲಿ ‘೧೦ ಡಿಸೆಂಬರ್’ ಎಂದು ಬರೆದರೆ ತಿಂಗಳಾದರೂ ಗಟ್ಟಿಯಾಗುತ್ತದೆ.

ಹಳೆಯ ಕೈಬರಹದ ಪಹಣಿಗಳಲ್ಲಿ ೦ ಮತ್ತು ೧ರ ಜಗಳ ಪದೇ ಪದೇ ಬರುತ್ತದೆ. ಅಲ್ಲಿ ಕಣ್ಣಿಗಿಂತ ಲೆಕ್ಕ ನಂಬಿಕಸ್ತ. ವಿಸ್ತೀರ್ಣದ ಅಂಕಣದಲ್ಲಿ ಒಟ್ಟು, ಖರಾಬು, ಉಳಿಕೆ ಇರುತ್ತವೆ, ಖರಾಬು ಮತ್ತು ಉಳಿಕೆ ಕೂಡಿದರೆ ಒಟ್ಟು ಬರಬೇಕು. ಒಟ್ಟು ೨ ಎಕರೆ ೧೦ ಗುಂಟೆ, ಉಳಿಕೆ ೧ ಎಕರೆ ೨೦ ಗುಂಟೆ, ಖರಾಬಿನಲ್ಲಿ ೩೦ ಗುಂಟೆ ಸ್ಪಷ್ಟವಾಗಿದ್ದು ಎಕರೆಯ ಜಾಗದಲ್ಲಿ ೦ ಇದೆಯೋ ೧ ಇದೆಯೋ ಗೊತ್ತಾಗುತ್ತಿಲ್ಲ ಎನ್ನೋಣ. ಸೊನ್ನೆ ಎಂದುಕೊಂಡರೆ ೧ ಎಕರೆ ೫೦ ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ೨ ಎಕರೆ ೧೦ ಗುಂಟೆ, ತಾಳೆಯಾಯಿತು. ಒಂದು ಎಂದುಕೊಂಡರೆ ೩ ಎಕರೆ ೧೦ ಗುಂಟೆ ಆಗುತ್ತದೆ, ಆಗುವ ಮಾತಲ್ಲ.

ಎಲ್ಲಿ ಯಾವ ಅಂಕಿ ಬರೆಯಬೇಕು? ಕೇಂದ್ರ ಸರ್ಕಾರದ ಕೆಲಸಕ್ಕೆ ಸಂವಿಧಾನದ 343ನೆಯ ವಿಧಿ 1, 2, 3 ರೂಪದ ಅಂಕಿಗಳನ್ನೇ ಹೇಳುತ್ತದೆ. ವಾಹನದ ನಂಬರ್ ಪ್ಲೇಟಿಗೂ ಮೋಟಾರು ವಾಹನ ನಿಯಮದಲ್ಲಿ ಅದೇ ಇದೆ. ಹೊರರಾಜ್ಯಕ್ಕೆ ಹೋಗುವ ಅಂಚೆಯ ಪಿನ್ ಕನ್ನಡದಲ್ಲಿ ಬರೆದರೆ ಅಲ್ಲಿಯವರು ಓದಲಾರರು. ಉಳಿದಂತೆ ರಾಜ್ಯದ ಕಚೇರಿಯ ಕನ್ನಡ ಅರ್ಜಿಯಲ್ಲಿ ಕನ್ನಡ ಅಂಕಿ ಬಳಸಿ, ಆದರೆ ಒಂದು ಅರ್ಜಿಗೆ ಒಂದೇ ಲಿಪಿ ಇರಲಿ. ಇದಕ್ಕೆ ಒಂದು ವಿನಾಯಿತಿ ಇದೆ. ನಮ್ಮ ಅಭಿಪ್ರಾಯ ಕೇಳಿದರೆ, ಖಾತೆ ಮತ್ತು ಆಧಾರ್‌ನಂಥ ಉದ್ದನೆಯ ಸಂಖ್ಯೆಗಳು ಯಾವ ಕಾರ್ಡು ಅಥವಾ ಪಾಸ್‌ಬುಕ್ಕಿನಿಂದ ಬಂದಿವೆಯೋ ಅಲ್ಲಿ ಅಚ್ಚಾಗಿರುವ ಲಿಪಿಯಲ್ಲೇ ಬರೆಯುವುದು ಮೇಲು, ಓದುವವರು ತಾಳೆ ನೋಡುವುದು ಅದರ ಜತೆಗೇ.

ಬರೆದ ಅಂಕಿ ಕೆಟ್ಟರೆ ಅದರ ಮೇಲೆಯೇ ತಿದ್ದಬೇಡಿ. ತಿದ್ದಿದ 1 ಯಾವ ಕಣ್ಣಿಗೂ 1 ಆಗಿ ಕಾಣುವುದಿಲ್ಲ. ಅಂಕಿಯನ್ನು ಒಂದೇ ಗೆರೆಯಿಂದ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿ. ಚೆಕ್ಕಿನಲ್ಲಾದರೆ ಇದೂ ನಡೆಯದು, ಹೊಸ ಹಾಳೆ ತೆಗೆದುಕೊಳ್ಳಬೇಕು. ಚೆಕ್ಕಿನಲ್ಲಿ ಅಂಕಿ ಮತ್ತು ಅಕ್ಷರದ ಮೊತ್ತ ಬೇರೆಯಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಕಲಮಿನ ಪ್ರಕಾರ ಅಕ್ಷರದಲ್ಲಿರುವುದೇ ಮೊತ್ತ, ಆದರೆ ಬ್ಯಾಂಕು ಅಂಥ ಚೆಕ್ಕನ್ನು ವಾಪಸು ಕಳಿಸುವುದೇ ವಾಡಿಕೆ.